ವಿಕ್ರಂ ಇಳಿದ ಸಂಜೆಯ ಕೃತಜ್ಞತಾ ಭಾಷಣ

ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಅವರು 2023ರ ಆಗಸ್ಟ್ 23ರ ಸಂಜೆ ಮಾಡಿದ ಕೃತಜ್ಞತಾ ಭಾಷಣ ತೀರಾ ಚಿಕ್ಕದು. 6 ಗಂಟೆ 4 ನಿಮಿಷಕ್ಕೆ ವಿಕ್ರಂ ಲ್ಯಾಂಡರ್ ಚಂದ್ರನ ನೆಲ ಮುಟ್ಟಿತ್ತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ, ಅಪ್ಪುಗೆಗಳು ಮುಗಿದಿರಲಿಲ್ಲ. ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಯಶಸ್ಸನ್ನು ಘೋಷಿಸಿದರು. ಬ್ರಿಕ್ಸ್ ಸಭೆಗೆಂದು ಜೊಹಾನ್ಸ್‌ಬರ್ಗ್‌ನಲ್ಲಿದ್ದ ಪ್ರಧಾನಿ ವಿಡಿಯೊ ಮೂಲಕ ಮಾತಾಡಿದರು. ಆಮೇಲೆ ಸೋಮನಾಥ್ ಯೋಜನೆಯ ಮುಖ್ಯಸ್ಥರನ್ನು ಮುಂದಕ್ಕೆ ಕರೆದು ಮೈಕ್ ಕೊಟ್ಟರು.

ವೀರಮುತ್ತುವೇಲ್ ಹೇಳಿದ್ದು ಇಷ್ಟು. ಉಡಾವಣೆಯಿಂದ ಇಳಿಯುವವರೆಗೆ ಎಲ್ಲ ಕೆಲಸವೂ ವೇಳಾಪಟ್ಟಿಯಂತೆ, ಲೋಪವಿಲ್ಲದೆ ನಡೆಯಿತು. ಚಂದ್ರನ ಮೇಲೆ ಮೆಲ್ಲಗೆ ಇಳಿದ ನಾಲ್ಕನೆಯ ದೇಶ ನಮ್ಮದು, ದಕ್ಷಿಣ ಧ್ರುವದ ಸಮೀಪಕ್ಕೆ ಹೋದದ್ದರಲ್ಲಿ ಮೊದಲನೆಯದು. ಅನಂತರ ಕೃತಜ್ಞತೆಯ ಪಟ್ಟಿ. ಪಥನಿರ್ಣಯ, ಮಾರ್ಗದರ್ಶನ ಮತ್ತು ನಿಯಂತ್ರಣದ ತಂಡ, ಎಂಜಿನ್‌ಗಳ ತಂಡ, ಸಂವೇದಕಗಳ ತಂಡ, ನೌಕೆಯ ಮೂಲ ವ್ಯವಸ್ಥೆಗಳನ್ನು ಕಟ್ಟಿದ ಎಲ್ಲ ತಂಡಗಳು. ಕೊನೆಗೆ, ಉಡಾವಣೆಯಿಂದ ಆ ದಿನದವರೆಗೆ ಪ್ರತಿಯೊಂದು ಹೆಜ್ಜೆಯನ್ನೂ ಕೂಲಂಕಷವಾಗಿ ಪರಿಶೀಲಿಸಿದ ಸಮಿತಿ. ಗುರಿ ಇಷ್ಟು ನಿಖರವಾಗಿ ಸಿಕ್ಕಿದ್ದು ಆ ಪರಿಶೀಲನೆಯಿಂದಲೇ ಎಂದೂ ಅವರು ಸೇರಿಸಿದರು.

ಟಿವಿಯಲ್ಲಿ ನೋಡುತ್ತಿದ್ದ ಹೆಚ್ಚಿನವರಿಗೆ ಇದು ಇಂಥ ಸಮಾರಂಭಗಳಲ್ಲಿ ಕೇಳಿಬರುವ ವಂದನಾರ್ಪಣೆಯಂತೆ ಕಂಡಿರಬೇಕು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಹೇಗೆ ಬಿತ್ತು ಎಂಬುದನ್ನು ಬಲ್ಲವರಿಗೆ ಮಾತ್ರ ಆ ಪಟ್ಟಿ ಬೇರೆಯಾಗಿಯೇ ಕೇಳಿಸುತ್ತದೆ. ಅಲ್ಲಿ ಬಂದ ಮೊದಲ ಮೂರು ಹೆಸರುಗಳೂ ನಾಲ್ಕು ವರ್ಷ ಹಿಂದೆ ಕೈಕೊಟ್ಟಿದ್ದ ಜಾಗಗಳಿಗೆ ಸೇರಿದವು.

ಇಸ್ರೋದಲ್ಲಿ ಯೋಜನಾ ನಿರ್ದೇಶಕರ ಸ್ಥಾನ ಸ್ವಲ್ಪ ವಿಚಿತ್ರದ್ದು. ನೌಕೆಯ ಹೊಣೆ ಪೂರ್ತಿ ಅವರದು, ಅದನ್ನು ಕಟ್ಟುವ ಜನರಲ್ಲಿ ಬಹುಪಾಲು ಅವರ ಕೈಕೆಳಗಿನವರಲ್ಲ. ಚಂದ್ರಯಾನ-3ನ್ನು ಜೋಡಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಲ್ಯಾಂಡರ್‌ನ ಎಂಜಿನ್‌ಗಳು ದ್ರವ ನೋದನ ವ್ಯವಸ್ಥೆಗಳ ಕೇಂದ್ರದವು. ಜಡತ್ವ ಮಾಪಕಗಳು ತಿರುವನಂತಪುರದಿಂದ ಬಂದವು. ಕ್ಯಾಮೆರಾ ಮತ್ತು ರೇಡಿಯೊ ಎತ್ತರಮಾಪಕಗಳು ಅಹಮದಾಬಾದಿನ ಕೇಂದ್ರದ್ದು, ಲೇಸರ್ ಉಪಕರಣಗಳು ಬೆಂಗಳೂರಿನದೇ ಇನ್ನೊಂದು ಪ್ರಯೋಗಾಲಯದ್ದು. ಅವರವರಿಗೆ ಅವರವರ ನಿರ್ದೇಶಕರು, ಅವರವರ ಬೇರೆ ಕೆಲಸಗಳು. ಯೋಜನಾ ನಿರ್ದೇಶಕ ಅವರಿಂದ ಕೆಲಸವನ್ನು ಕೇಳಿ, ಕಾದು, ಒಪ್ಪಿಸಿ ತರಿಸಿಕೊಳ್ಳಬೇಕು. ಹೀಗಿರುವಾಗ ಕೊನೆಯ ದಿನ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳುವುದಕ್ಕೂ ತಂಡತಂಡವಾಗಿ ಹೆಸರು ಹಿಡಿದು ಹೇಳುವುದಕ್ಕೂ ವ್ಯತ್ಯಾಸವಿದೆ.

ಗೆದ್ದ ದಿನ ಮೈಕನ್ನು ಯೋಜನೆಯವರ ಕೈಗೆ ಕೊಡುವುದಕ್ಕೆ ಇಸ್ರೋದಲ್ಲಿ ಹಳೆಯ ಮೇಲ್ಪಂಕ್ತಿಯೂ ಉಂಟು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳಕೊಲ್ಲಿಗೆ ಬಿದ್ದಾಗ ಪತ್ರಕರ್ತರ ಎದುರು ಕುಳಿತು ಹೊಣೆ ಹೊತ್ತವರು ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಅವರು ಪತ್ರಿಕಾಗೋಷ್ಠಿಗೆ ಕಳಿಸಿದ್ದು ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು. ಕಲಾಂ ಈ ಪ್ರಸಂಗವನ್ನು ಜೀವನವಿಡೀ ಹೇಳುತ್ತಲೇ ಇದ್ದರು.

ಇನ್ನು ಪಟ್ಟಿಯ ಮೊದಲ ಹೆಸರಿಗೆ ಬರಬಹುದು. ಚಂದ್ರನಲ್ಲಿ ಗಾಳಿಯಿಲ್ಲ, ಆದ್ದರಿಂದ ಪ್ಯಾರಾಚೂಟ್ ಅಲ್ಲಿ ಬಿಚ್ಚಿದರೂ ಪ್ರಯೋಜನವಿಲ್ಲ. ವೇಗ ತಗ್ಗಿಸಲು ಎಂಜಿನ್ ಒಂದೇ ದಾರಿ. ಇಳಿಯುವ ಕೆಲಸ ಶುರುವಾದಾಗ ವಿಕ್ರಂ ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಇಳಿಯಬೇಕಾದ ಜಾಗಕ್ಕೆ ಇನ್ನೂ 700 ಕಿಲೋಮೀಟರಿಗಿಂತ ಹೆಚ್ಚು ದೂರವಿರುವಂತೆ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಓಡುತ್ತಿತ್ತು. ಮೊದಲ ಹಂತದಲ್ಲಿ ಎಂಜಿನ್‌ಗಳ ಬಾಯಿಯನ್ನು ಓಡುವ ದಿಕ್ಕಿಗೇ ತಿರುಗಿಸಿ 690 ಸೆಕೆಂಡು ಉರಿಸಬೇಕು. ಅಷ್ಟರಲ್ಲಿ ಎತ್ತರ 7.4 ಕಿಲೋಮೀಟರಿಗೆ, ವೇಗ ಸೆಕೆಂಡಿಗೆ 358 ಮೀಟರಿಗೆ ಇಳಿಯುತ್ತದೆ. ಆಮೇಲೆ 10 ಸೆಕೆಂಡು ನೌಕೆ ಅಲುಗದೆ ಒಂದೇ ಭಂಗಿಯಲ್ಲಿದ್ದು ಕೆಳಗಿನ ನೆಲವನ್ನು ಅಳೆದುಕೊಳ್ಳುತ್ತದೆ. ಬಳಿಕ ಸುಮಾರು ಮೂರು ನಿಮಿಷದ ಇನ್ನೊಂದು ಹಂತದಲ್ಲಿ ಮಲಗಿದ್ದ ನೌಕೆ ಎದ್ದು ನೆಟ್ಟಗೆ ನಿಂತು ಒಂದು ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. 800 ಮೀಟರಿನಲ್ಲೊಮ್ಮೆ, 150 ಮೀಟರಿನಲ್ಲೊಮ್ಮೆ ತೇಲುತ್ತ ನಿಂತು, ಕೆಳಗೆ ನೋಡಿಕೊಂಡು, ನೆಲ ಮುಟ್ಟುತ್ತದೆ.

ಭೂಮಿಯಿಂದ ಚಂದ್ರನಿಗೆ ರೇಡಿಯೊ ಸಂಕೇತ ಹೋಗಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು, ಬರಲು ಮತ್ತಷ್ಟು. ಹಾಗಾಗಿ ಈ ಇಪ್ಪತ್ತು ನಿಮಿಷ ಬೆಂಗಳೂರಿನಲ್ಲಿ ಕುಳಿತವರು ಬರೀ ಪ್ರೇಕ್ಷಕರು. ತಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು, ಅದಕ್ಕೆ ಎಂಜಿನ್ ಎಷ್ಟು ಉರಿಸಬೇಕು, ಮೈಯನ್ನು ಎತ್ತ ತಿರುಗಿಸಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ನೌಕೆಯ ಕಂಪ್ಯೂಟರ್ ತಾನೇ ಮತ್ತೆ ಮತ್ತೆ ಉತ್ತರ ಕಂಡುಕೊಳ್ಳುತ್ತದೆ. ಪಥನಿರ್ಣಯ, ಮಾರ್ಗದರ್ಶನ, ನಿಯಂತ್ರಣದ ತಂಡ ಬರೆದದ್ದು ಈ ಉತ್ತರಗಳ ಲೆಕ್ಕವನ್ನು.

2019ರ ಸೆಪ್ಟೆಂಬರ್ 7ರ ನಸುಕಿಗೆ ಮುಂಚೆ ಎಡವಿದ್ದೂ ಇಲ್ಲೇ. 2023ರ ಜುಲೈಯಲ್ಲಿ ಸೋಮನಾಥ್ ಅದನ್ನು ಬಿಡಿಸಿ ಹೇಳಿದ್ದರು. ಅಂದಿನ ಲ್ಯಾಂಡರ್‌ನ ಎಂಜಿನ್‌ಗಳು ನಿರೀಕ್ಷೆಗಿಂತ ಸ್ವಲ್ಪ ಹೆಚ್ಚು ನೂಕುಬಲ ಕೊಟ್ಟವು. ಆಮೇಲಿನ ಹಂತದಲ್ಲಿ ಚಿತ್ರ ತೆಗೆಯಲೆಂದು ನೌಕೆ ಭಂಗಿ ಬದಲಿಸದೆ ಇರಬೇಕಾಗಿತ್ತು, ಆದ್ದರಿಂದ ತಪ್ಪನ್ನು ಆಗಿಂದಾಗ್ಗೆ ತಿದ್ದಿಕೊಳ್ಳಲಾಗಲಿಲ್ಲ. ತಪ್ಪುಗಳು ಗುಡ್ಡೆಬಿದ್ದವು. ಕೊನೆಗೆ ಒಮ್ಮೆಲೇ ತಿದ್ದಲು ಹೊರಟಾಗ ನೌಕೆ ಬಲು ವೇಗವಾಗಿ ತಿರುಗಬೇಕಾಯಿತು. ಅಷ್ಟು ವೇಗವಾಗಿ ತಿರುಗುವ ಪ್ರಸಂಗ ಬಾರದು ಎಂದುಕೊಂಡು ಸಾಫ್ಟ್‌ವೇರ್ ಅದಕ್ಕೆ ಮಿತಿ ಹಾಕಿತ್ತು. ಇಳಿಯಲು ಕೊಟ್ಟಿದ್ದ ಜಾಗವೋ 500 ಮೀಟರ್ ಉದ್ದ, 500 ಮೀಟರ್ ಅಗಲದ ಒಂದು ಚೌಕ. ನೆಲ ಹತ್ತಿರವಾಗುತ್ತಿದ್ದರೂ ಆ ಚೌಕ ಇನ್ನೂ ದೂರವಿತ್ತು. ಅದನ್ನು ತಲುಪಲು ನೌಕೆ ವೇಗ ಹೆಚ್ಚಿಸಿಕೊಂಡೇ ಹೋಯಿತು.

ಸ್ವಲ್ಪ ಹೆಚ್ಚು ನೂಕುಬಲ ಎಂದರೆ ಎಷ್ಟು ಎಂಬುದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಸೆಕೆಂಡಿಗೆ 1,680 ಮೀಟರಿನಿಂದ 358 ಮೀಟರಿಗೆ 690 ಸೆಕೆಂಡಿನಲ್ಲಿ ಇಳಿಯಬೇಕಾದರೆ ಪ್ರತಿ ಸೆಕೆಂಡಿಗೆ ವೇಗ ಸರಾಸರಿ 1.9 ಮೀಟರಿನಷ್ಟು ಕಡಿಮೆಯಾಗಬೇಕು. ಎಂಜಿನ್‌ಗಳ ಬಲದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ವ್ಯತ್ಯಾಸವಾಯಿತು, ಅದನ್ನು ಯಾರೂ ತಿದ್ದಲಿಲ್ಲ ಎಂದಿಟ್ಟುಕೊಳ್ಳೋಣ. 690 ಸೆಕೆಂಡಿನ ಕೊನೆಗೆ ವೇಗದಲ್ಲಿ ಸೆಕೆಂಡಿಗೆ 13 ಮೀಟರಿನ ವ್ಯತ್ಯಾಸ. ಅದು ದೊಡ್ಡದೆನಿಸದು. ಆದರೆ ನೌಕೆ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಷ್ಟು ಹೊತ್ತಿಗೆ ನಾಲ್ಕೂವರೆ ಕಿಲೋಮೀಟರ್ ಅಂತರವಾಗಿರುತ್ತದೆ. ಅರ್ಧ ಕಿಲೋಮೀಟರಿನ ಚೌಕಕ್ಕೆ ಗುರಿಯಿಟ್ಟ ನೌಕೆಯ ಮಟ್ಟಿಗೆ ಇದು ಬೇರೆ ಊರೇ ಸರಿ. ನಿಜವಾದ ನೌಕೆ ನಡುನಡುವೆ ತಿದ್ದಿಕೊಳ್ಳುತ್ತದೆ, ಹಾಗಾಗಿ ಇದು ಅಂದಾಜಿನ ಲೆಕ್ಕ ಅಷ್ಟೆ. ಆದರೂ ತಿದ್ದುವುದು ತಡವಾದರೆ ಏನಾಗುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ.

ಚಂದ್ರಯಾನ-3ರಲ್ಲಿ ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಆ ಹರವಿನೊಳಗೆ ನೌಕೆ ಒಂದೇ ಬಿಂದುವಿಗೆ ಜೋತುಬೀಳಬೇಕಾಗಿರಲಿಲ್ಲ. ತಿರುಗುವ ವೇಗದ ಮಿತಿಯನ್ನು ಸಡಿಲಿಸಿದರು. ಹೆಚ್ಚು ಇಂಧನ ತುಂಬಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಸರಿಯಾದರೆ ಹೇಗೆ ಇಳಿಯುತ್ತದೆ ಎಂದು ಹೊರಡುವ ಬದಲು ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಯಬೇಕು ಎಂದು ಕೇಳಿಕೊಂಡರು. ನಾಲ್ಕರಲ್ಲಿ ಎರಡು ಎಂಜಿನ್ ಉರಿಯದಿದ್ದರೂ ಇಳಿಯಬಲ್ಲದು ಎಂದು ಸೋಮನಾಥ್ ಇಳಿಯುವ ಎರಡು ವಾರ ಮುಂಚೆ ಬೆಂಗಳೂರಿನ ಸಭೆಯೊಂದರಲ್ಲಿ ಹೇಳಿದ್ದು ಈ ಧೈರ್ಯದ ಮೇಲೆ. ಭಾಷಣದಲ್ಲಿ ಈ ತಂಡ ಮೊದಲು ಬಂದದ್ದು ಆಕಸ್ಮಿಕವಿರಲಾರದು.

ಎರಡನೆಯದು ಎಂಜಿನ್‌ಗಳ ತಂಡ. ವಿಕ್ರಂಗೆ 800 ನ್ಯೂಟನ್ ಬಲದ ನಾಲ್ಕು ಎಂಜಿನ್‌ಗಳು. ಚಂದ್ರಯಾನ-2ರಲ್ಲಿ ಐದಿದ್ದವು, ನಡುವಿನ ಒಂದನ್ನು ತೆಗೆದುಹಾಕಿದರು. ನಾಲ್ಕೂ ಪೂರ್ಣವಾಗಿ ಉರಿದರೆ 3,200 ನ್ಯೂಟನ್. ಸುಮಾರು 1,750 ಕಿಲೋಗ್ರಾಂನ ಲ್ಯಾಂಡರ್ ಚಂದ್ರನ ಸೆಳೆತದಲ್ಲಿ ತೂಗುವುದು ಸುಮಾರು 2,800 ನ್ಯೂಟನ್. ಅಂದರೆ ಮೊದಲಿಗೆ ಬಲಕ್ಕೂ ಭಾರಕ್ಕೂ ಹೆಚ್ಚು ಅಂತರವಿಲ್ಲ. ನೆಲ ಹತ್ತಿರವಾಗುವ ಹೊತ್ತಿಗೆ ಇಂಧನ ಉರಿದು ನೌಕೆ ಸರಿಸುಮಾರು ಅರ್ಧಕ್ಕೆ ಹಗುರಾಗಿರುತ್ತದೆ. ಆಗಲೂ ನಾಲ್ಕೂ ಎಂಜಿನ್ ಅಷ್ಟೇ ಜೋರಾಗಿ ಉರಿದರೆ ನೌಕೆ ಇಳಿಯುವ ಬದಲು ಮೇಲಕ್ಕೇರುತ್ತದೆ.

ಹಾಗಾಗಿ ಈ ಎಂಜಿನ್‌ಗಳನ್ನು ಹತ್ತಿಸಿ ಆರಿಸಿದರೆ ಸಾಲದು, ಒಲೆಯ ಉರಿಯಂತೆ ಏರಿಸಿ ತಗ್ಗಿಸಲೂ ಬರಬೇಕು. ಉಪಗ್ರಹಗಳಲ್ಲಿರುವ ಹೆಚ್ಚಿನ ಎಂಜಿನ್‌ಗಳಿಗೆ ಈ ಕಲೆ ಗೊತ್ತಿಲ್ಲ, ಅವಕ್ಕೆ ಅದರ ಅಗತ್ಯವೂ ಇಲ್ಲ. ಇಲ್ಲಿ ಬಳಸುವ ಇಂಧನ ಮತ್ತು ಉತ್ಕರ್ಷಕ ಎರಡೂ ದ್ರವಗಳು, ಒಂದನ್ನೊಂದು ಮುಟ್ಟಿದ ಕೂಡಲೇ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತವೆ. ಎರಡೂ ಸರಿಯಾದ ಪ್ರಮಾಣದಲ್ಲಿ ಬೆರೆಯುವಂತೆ ನೋಡಿಕೊಂಡು ಹರಿವನ್ನು ಹೆಚ್ಚುಕಡಿಮೆ ಮಾಡಬೇಕು. ನಾಲ್ಕೂ ಎಂಜಿನ್‌ಗಳು ಒಂದೇ ಸಮನಾಗಿ ಏರಿಳಿಯಬೇಕು, ಇಲ್ಲವಾದರೆ ಒಂದು ಪಕ್ಕದ ಹೆಚ್ಚುವರಿ ಬಲ ನೌಕೆಯನ್ನು ವಾಲಿಸುತ್ತದೆ. ಕಂಪ್ಯೂಟರ್ ಇಷ್ಟು ಬಲ ಕೊಡು ಎಂದಾಗ ಎಂಜಿನ್ ನಿಜಕ್ಕೂ ಅಷ್ಟೇ ಕೊಡುತ್ತದೆಯೇ ಎಂಬುದು ನೆಲದ ಮೇಲೆ ಉರಿಸಿ ಉರಿಸಿಯೇ ತಿಳಿಯಬೇಕಾದ ಸಂಗತಿ. ಮೇಲಿನ ಲೆಕ್ಕದ ನೂರಕ್ಕೊಂದು ಪಾಲು ಹುಟ್ಟುವುದು ಇಲ್ಲಿ.

ಮೂರನೆಯದು ಸಂವೇದಕಗಳ ತಂಡ. ನೌಕೆಯೊಳಗಿನ ಜಡತ್ವ ಮಾಪಕ ಎಷ್ಟು ತಿರುಗಿದೆ, ಎಷ್ಟು ವೇಗ ಬದಲಾಗಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ತಾನೆಲ್ಲಿದ್ದೇನೆ ಎಂದು ಹೇಳುತ್ತದೆ. ಕೂಡಿಸುತ್ತ ಹೋದಂತೆ ಅದರ ಸಣ್ಣ ತಪ್ಪೂ ಬೆಳೆಯುತ್ತದೆ. ಹಾಗಾಗಿ ಕೊನೆಯ ಕೆಲವು ಕಿಲೋಮೀಟರಿನಲ್ಲಿ ಹೊರಗೆ ನೋಡಲೇಬೇಕು. ವಿಕ್ರಂನಲ್ಲಿ ಎತ್ತರ ಅಳೆಯಲು ರೇಡಿಯೊ ತರಂಗದ ಮಾಪಕವೊಂದು, ಲೇಸರ್ ಮಾಪಕವೊಂದು. ತೆಗೆದ ಚಿತ್ರವನ್ನು ತನ್ನಲ್ಲಿರುವ ನಕ್ಷೆಯೊಡನೆ ಹೋಲಿಸಿ ಜಾಗ ಗುರುತಿಸುವ ಕ್ಯಾಮೆರಾ ಒಂದು, ಅಡ್ಡವೇಗ ಅಳೆಯುವ ಕ್ಯಾಮೆರಾ ಒಂದು. ಕೆಳಗೆ ಬಂಡೆಯೋ ಹಳ್ಳವೋ ಇದ್ದರೆ ಪತ್ತೆಹಚ್ಚಿ ಪಕ್ಕಕ್ಕೆ ಸರಿಯಲು ಹೇಳುವ ಕ್ಯಾಮೆರಾ ಇನ್ನೊಂದು. 150 ಮೀಟರಿನಲ್ಲಿ ನೌಕೆ ತೇಲುತ್ತ ನಿಂತದ್ದು ಈ ಕೊನೆಯ ಕ್ಯಾಮೆರಾದ ತೀರ್ಪಿಗಾಗಿ.

ಚಂದ್ರಯಾನ-3ಕ್ಕೆ ಹೊಸದಾಗಿ ಸೇರಿದ್ದು ಲೇಸರ್ ಡಾಪ್ಲರ್ ವೇಗಮಾಪಕ. ನೆಲಕ್ಕೆ ಲೇಸರ್ ಕಿರಣಗಳನ್ನು ಬಿಟ್ಟು, ಮರಳಿದ ಬೆಳಕಿನ ಆವರ್ತನದಲ್ಲಿ ಆದ ಬದಲಾವಣೆಯಿಂದ ನೌಕೆಯ ವೇಗವನ್ನು ನೇರವಾಗಿ ತಿಳಿಯುವ ಸಾಧನ ಇದು. ಹಿಂದಿನ ಬಾರಿ ವೇಗವನ್ನು ಚಿತ್ರಗಳಿಂದ, ಎತ್ತರದಿಂದ ಲೆಕ್ಕಹಾಕಿ ತಿಳಿಯಬೇಕಾಗಿತ್ತು. ಈಗ ಅಳೆದೇ ತಿಳಿಯುವಂತಾಯಿತು.

ಈ ಉಪಕರಣಗಳನ್ನು ಭೂಮಿಯ ಮೇಲೆ ಪರೀಕ್ಷಿಸುವುದು ಅವುಗಳನ್ನು ತಯಾರಿಸಿದಷ್ಟೇ ಕಷ್ಟದ ಕೆಲಸ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಲ್ಯಾಂಡರ್‌ನ ಸಂವೇದಕಗಳಿಗೆಂದೇ ಚಂದ್ರನ ಕುಳಿಗಳನ್ನು ಹೋಲುವ ಹಳ್ಳಗಳನ್ನು ತೋಡಿಸಿತ್ತು. ಚಂದ್ರಯಾನ-3ರ ಸಂವೇದಕಗಳನ್ನೂ ಅವುಗಳ ಲೆಕ್ಕವನ್ನೂ ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿ ಒಟ್ಟಾಗಿ ಪರೀಕ್ಷಿಸಿದರು. ಇನ್ನೊಂದು ಪರೀಕ್ಷೆಯಲ್ಲಿ ಸಂವೇದಕ, ಕಂಪ್ಯೂಟರ್, ಎಂಜಿನ್ ಮೂರನ್ನೂ ಕಟ್ಟಡ ಕಟ್ಟುವ ಎತ್ತರದ ಕ್ರೇನಿಗೆ ತೂಗುಹಾಕಿ, ಒಂದು ಹೇಳಿದ್ದನ್ನು ಇನ್ನೊಂದು ಕೇಳುತ್ತದೆಯೇ ಎಂದು ನೋಡಿದರು. ಭಾಷಣದಲ್ಲಿ ಈ ಮೂರು ತಂಡಗಳ ಹೆಸರು ಒಂದರ ಬೆನ್ನಿಗೊಂದು ಬಂದದ್ದು ಈ ನಂಟಿನಿಂದಲೇ. ಒಂದರ ತಪ್ಪು ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಎಂಜಿನ್ ಹೆಚ್ಚು ನೂಕಿದ್ದನ್ನು ಸಂವೇದಕ ಗುರುತಿಸದಿದ್ದರೆ ಲೆಕ್ಕ ಎಷ್ಟೇ ಸರಿಯಿದ್ದರೂ ಉಪಯೋಗವಿಲ್ಲ.

ನಾಲ್ಕನೆಯ ಹೆಸರು ಒಂದೇ ಉಸಿರಿನಲ್ಲಿ ಹೇಳಿಹೋದದ್ದು. ನೌಕೆಯ ಮೂಲ ವ್ಯವಸ್ಥೆಗಳೆಂದರೆ ಅದರ ಚೌಕಟ್ಟು, ವಿದ್ಯುತ್ತು, ಶಾಖ ನಿಯಂತ್ರಣ, ರೇಡಿಯೊ, ಕಾಲುಗಳು. ಇವು ಸರಿಯಾಗಿ ನಡೆದರೆ ಯಾರ ಗಮನಕ್ಕೂ ಬರುವುದಿಲ್ಲ, ಆದ್ದರಿಂದ ಇಂಥ ಭಾಷಣಗಳಲ್ಲಿ ಇವರಿಗೆ ಒಟ್ಟು ಸೇರಿಸಿ ಒಂದು ಮಾತು ಸಿಗುವುದೇ ಹೆಚ್ಚು. ಕಾಲುಗಳದ್ದೊಂದನ್ನೇ ನೋಡಬಹುದು. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 2 ಮೀಟರಿನೊಳಗೆ ಇರಬೇಕೆಂದು ಯೋಜನೆ. ಆದರೂ ಈ ಸಲ ಕಾಲುಗಳನ್ನು 3 ಮೀಟರಿನ ವೇಗವನ್ನೂ ತಾಳುವಂತೆ ಗಟ್ಟಿ ಮಾಡಿದರು. ಎರಡರಿಂದ ಮೂರು ಎಂದರೆ ಹೆಚ್ಚೇನಲ್ಲ ಅನಿಸಬಹುದು, ಆದರೆ ಅಪ್ಪಳಿಸುವ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಕಾಲು ನುಂಗಿಕೊಳ್ಳಬೇಕಾದ ಪೆಟ್ಟು ಎರಡೂಕಾಲು ಪಟ್ಟಾಗುತ್ತದೆ. ಚಂದ್ರನ ಮಣ್ಣಿನಂಥ ಮಣ್ಣಿನ ಹಾಸು ಮಾಡಿ, ಬೇರೆ ಬೇರೆ ರೀತಿಯಲ್ಲಿ ಇಳಿಯುವುದನ್ನು ಅನುಕರಿಸಿ ಈ ಕಾಲುಗಳನ್ನು ಪರೀಕ್ಷಿಸಿದರು. ಸೌರಫಲಕಗಳನ್ನೂ ಹೆಚ್ಚಿಸಿದರು, ನೌಕೆ ಎತ್ತ ಮುಖಮಾಡಿ ಇಳಿದರೂ ಬಿಸಿಲು ಸಿಗಲಿ ಎಂದು.

ಭಾಷಣದ ನಿಜವಾದ ತೂಕ ಇರುವುದು ಐದನೆಯ ಕೃತಜ್ಞತೆಯಲ್ಲಿ. ಪರಿಶೀಲನಾ ಸಮಿತಿ ಏನನ್ನೂ ಕಟ್ಟುವುದಿಲ್ಲ. ಕಟ್ಟಿದವರ ಮುಂದೆ ಕುಳಿತು ಇದು ಹೇಗೆ ಗೊತ್ತು, ಇದನ್ನು ಯಾರು ನೋಡಿದರು, ಇದು ಆಗದಿದ್ದರೆ ಏನು ಎಂದು ಕೇಳುವುದು ಅದರ ಕೆಲಸ. ಕೆಲಸದ ಒತ್ತಡದಲ್ಲಿರುವ ಯಾವ ಯೋಜನಾ ನಿರ್ದೇಶಕನಿಗೂ ಅವರು ಅಡ್ಡಿಯಾಗಿಯೇ ಕಾಣುತ್ತಾರೆ. ಸಮಾರಂಭದ ದಿನ ಅವರನ್ನು ಮರೆಯುವುದು ಸುಲಭ. ವೀರಮುತ್ತುವೇಲ್ ಅವರ ಹೆಸರು ಹೇಳಿದ್ದಲ್ಲದೆ, ಪಟ್ಟಿಯಲ್ಲಿ ಕಾರಣ ಕೊಟ್ಟು ಕೃತಜ್ಞತೆ ಹೇಳಿದ್ದು ಅವರಿಗೇ.

ಅವರಿಗೆ ಕೆಲಸ ಎಷ್ಟಿತ್ತು ಎಂಬುದು ದಿನಚರಿಯಿಂದ ತಿಳಿಯುತ್ತದೆ. 2023ರ ಜುಲೈ 14ರ ಮಧ್ಯಾಹ್ನ 2.35ಕ್ಕೆ ಶ್ರೀಹರಿಕೋಟಾದಿಂದ ಹೊರಟ ನೌಕೆ ಭೂಮಿಯ ಸುತ್ತ ತನ್ನ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡಿತು. ಆಗಸ್ಟ್ 1ರಂದು ಚಂದ್ರನ ದಾರಿ ಹಿಡಿದು 5ರಂದು ಚಂದ್ರನ ಕಕ್ಷೆ ಸೇರಿತು. ಆಮೇಲೆ ಆ ಕಕ್ಷೆಯನ್ನು ಮತ್ತೆ ಹಂತಹಂತವಾಗಿ ಕುಗ್ಗಿಸಬೇಕಾಯಿತು. 17ರಂದು ಲ್ಯಾಂಡರ್ ಬೇರ್ಪಟ್ಟಿತು. 18ರಂದು ಮತ್ತು 20ರ ನಸುಕಿನಲ್ಲಿ ತನ್ನ ಎಂಜಿನ್ ಉರಿಸಿ 25 ಕಿಲೋಮೀಟರ್ ಹತ್ತಿರ, 134 ಕಿಲೋಮೀಟರ್ ದೂರದ ಕಕ್ಷೆಗೆ ಇಳಿಯಿತು. ಪ್ರತಿ ಸಲವೂ ಎಂಜಿನ್ ಯಾವಾಗ ಹೊತ್ತಬೇಕು, ಎಷ್ಟು ಸೆಕೆಂಡು ಉರಿಯಬೇಕು, ಯಾವಾಗ ಆರಬೇಕು ಎಂಬ ಆಜ್ಞೆಗಳ ಸರಣಿಯನ್ನು ಮುಂಚಿತವಾಗಿ ಬರೆದು ಕಳಿಸಬೇಕು. ಒಂದು ಸಾಲು ಹಿಂದುಮುಂದಾದರೂ ನೌಕೆ ಅದನ್ನು ಹಾಗೆಯೇ ಪಾಲಿಸುತ್ತದೆ.

ಹಾಗಾದರೆ ಏನಾಗುತ್ತದೆ ಎಂಬುದಕ್ಕೆ ಅದೇ ವಾರದಲ್ಲಿ ಉದಾಹರಣೆ ಸಿಕ್ಕಿತು. ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಲು ಹೊರಟಿದ್ದ ರಷ್ಯಾದ ಲೂನಾ-25 ನೌಕೆ ಆಗಸ್ಟ್ 19ರಂದು ಇಳಿಯುವ ಮುಂಚಿನ ಕಕ್ಷೆಗೆ ಹೋಗಲು ಎಂಜಿನ್ ಹೊತ್ತಿಸಿತು. 84 ಸೆಕೆಂಡಿಗೆ ಆರಬೇಕಾಗಿದ್ದ ಎಂಜಿನ್ 127 ಸೆಕೆಂಡು ಉರಿಯಿತು. ನೌಕೆ ಚಂದ್ರನಿಗೆ ಅಪ್ಪಳಿಸಿತು. ವೇಗ ಬದಲಾವಣೆಯನ್ನು ಅಳೆಯುವ ಉಪಕರಣ ಆ ಹೊತ್ತಿಗೆ ಚಾಲೂ ಆಗಿರಲಿಲ್ಲ, ಬೇರೆ ಬೇರೆ ಆದ್ಯತೆಯ ಆಜ್ಞೆಗಳು ಒಂದೇ ಗುಂಪಿನಲ್ಲಿ ಸೇರಿಹೋದದ್ದು ಅದಕ್ಕೆ ಕಾರಣವಿರಬಹುದು ಎಂದು ರಷ್ಯಾದ ಬಾಹ್ಯಾಕಾಶ ಸಂಸ್ಥೆ ಆಮೇಲೆ ತಿಳಿಸಿತು. ಎಂಜಿನ್ ಕೆಟ್ಟಿರಲಿಲ್ಲ. ಆರು ಎಂದು ಅದಕ್ಕೆ ಹೇಳುವವರೇ ಇರಲಿಲ್ಲ. ಕಳಿಸುವ ಮುಂಚೆ ಸಾಲುಸಾಲಾಗಿ ಓದಿ ನೋಡುವ ಕೆಲಸ ಹಿಡಿಯಬೇಕಾದದ್ದು ಇಂಥ ತಪ್ಪನ್ನೇ. ಮರುದಿನ ನಸುಕಿನಲ್ಲಿ ಚಂದ್ರಯಾನ-3 ಮಾಡಿದ್ದು ಹೆಚ್ಚುಕಡಿಮೆ ಅದೇ ಬಗೆಯ ಕೆಲಸ.

ಇಳಿಯುವ ದಿನವೂ ಸಮಿತಿಯ ಬಾಗಿಲು ತೆರೆದೇ ಇತ್ತು. ಇಳಿಯುವುದಕ್ಕೆ ಎರಡು ಗಂಟೆ ಮುಂಚೆ ನೌಕೆಯ ಆರೋಗ್ಯ ನೋಡಿ ತೀರ್ಮಾನಿಸಲಾಗುತ್ತದೆ, ಏನಾದರೂ ಸಂದೇಹವಿದ್ದರೆ ಆಗಸ್ಟ್ 27ಕ್ಕೆ ಮುಂದೂಡಲಾಗುತ್ತದೆ ಎಂದು ಅಹಮದಾಬಾದ್ ಕೇಂದ್ರದ ನಿರ್ದೇಶಕ ನೀಲೇಶ್ ದೇಸಾಯಿ ಮುಂಚೆಯೇ ಹೇಳಿದ್ದರು. ದೇಶವೆಲ್ಲ ಟಿವಿ ಮುಂದೆ ಕುಳಿತಿರುವಾಗ ಬೇಡ ಎನ್ನುವ ಅಧಿಕಾರವನ್ನು ಉಳಿಸಿಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಅಂದು ಅದನ್ನು ಬಳಸುವ ಪ್ರಸಂಗ ಬರಲಿಲ್ಲ. ಗುರಿಯಿಟ್ಟ ಬಿಂದುವಿನಿಂದ ಕೆಲವೇ ನೂರು ಮೀಟರ್ ಅಂತರದಲ್ಲಿ ವಿಕ್ರಂ ಇಳಿದಿತ್ತು.

ಅವರ ಬಳಿಕ ಮೈಕ್ ಹಿಡಿದವರು ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ. ಅವರ ಮಾತು ಇನ್ನೊಂದು ದಿಕ್ಕಿನದು. ವೀರಮುತ್ತುವೇಲ್ ಕೆಲಸವನ್ನು ತಂಡಗಳಾಗಿ ಬಿಡಿಸಿದ್ದರೆ ಕಲ್ಪನಾ ಅದನ್ನು ಕಾಲದುದ್ದಕ್ಕೂ ಹಿಡಿದರು. ಚಂದ್ರಯಾನ-2ರ ಅನುಭವದ ನಂತರ ನೌಕೆಯನ್ನು ಮರಳಿ ಕಟ್ಟಲು ತೊಡಗಿದ ದಿನದಿಂದ ತಂಡಕ್ಕೆ ಉಸಿರೊಳಗೆ, ಉಸಿರ ಹೊರಗೆ ಚಂದ್ರಯಾನ-3 ಒಂದೇ ಆಗಿತ್ತು ಎಂಬುದು ಅವರ ಮಾತಿನ ಸಾರ. ಹಿಂದಿನ ಯೋಜನೆಯವರ ಶ್ರಮವನ್ನೂ ಅವರು ಇದರೊಡನೆ ಸೇರಿಸಿ ಹೇಳಿದರು. ಸೋತ ತಂಡದ ಹೆಸರನ್ನು ಗೆದ್ದ ದಿನದ ವೇದಿಕೆಯಲ್ಲಿ ಹೇಳುವುದು ಸೌಜನ್ಯಕ್ಕೆ ಮಾತ್ರವೇ ಆಗಿರಲಿಲ್ಲ, ವಸ್ತುಸ್ಥಿತಿಯೂ ಅದೇ. 2019ರಲ್ಲಿ ಲ್ಯಾಂಡರ್ ಬಿದ್ದರೂ ಅದರ ಜೊತೆಗೆ ಹೋದ ಆರ್ಬಿಟರ್ ಕೆಲಸ ಮಾಡುತ್ತಲೇ ಇತ್ತು. ಚಂದ್ರಯಾನ-3 ಎಲ್ಲಿ ಇಳಿಯಬೇಕೆಂದು ಆರಿಸಲು ಬಂಡೆ, ಕುಳಿಗಳನ್ನು ಹತ್ತಿರದಿಂದ ತೋರಿಸಿದ ಚಿತ್ರಗಳು ಅದರ ಕ್ಯಾಮೆರಾದವು. ಇಳಿಯುವುದಕ್ಕೆ ಎರಡು ದಿನ ಮುಂಚೆ ಹೊಸ ಲ್ಯಾಂಡರ್‌ನೊಡನೆ ಅದರ ಸಂಪರ್ಕವೂ ಏರ್ಪಟ್ಟಿತ್ತು.

ಇಂಥ ಭಾಷಣಕ್ಕೆ ತನ್ನದೇ ಮಿತಿಗಳಿವೆ. ಕೆಲವೇ ವಾಕ್ಯಗಳಲ್ಲಿ ತಂಡಗಳ ಹೆಸರು ಹೇಳಬಹುದು, ವ್ಯಕ್ತಿಗಳ ಹೆಸರು ಹೇಳತೊಡಗಿದರೆ ಎಲ್ಲಿ ನಿಲ್ಲಿಸುವುದು ಎಂಬುದೇ ತೊಡಕಾಗುತ್ತದೆ, ಬಿಟ್ಟುಹೋದವರ ಮನಸ್ಸು ನೋಯುತ್ತದೆ. ತಂಡದ ಹೆಸರು ಹೇಳುವ ಅನುಕೂಲವೆಂದರೆ ಆ ಕೆಲಸಕ್ಕೆ ಕೈಯಿಟ್ಟ ಪ್ರತಿಯೊಬ್ಬರೂ ಅದರಲ್ಲಿ ತನ್ನನ್ನು ಕಾಣಬಹುದು. ಪಟ್ಟಿಗೆ ಬಾರದ ಕೆಲಸಗಳೂ ಉಳಿದೇ ಉಳಿಯುತ್ತವೆ. ನೌಕೆಯ ದನಿಯನ್ನು ಹಿಡಿದ ಬ್ಯಾಲಾಳುವಿನ 32 ಮೀಟರ್ ಆಂಟೆನಾ, ಚಂದ್ರ ನಮ್ಮ ದಿಗಂತಕ್ಕಿಂತ ಕೆಳಗಿದ್ದಾಗ ಆ ಕೆಲಸ ನೋಡಿಕೊಂಡ ಯುರೋಪ್ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಳ ಕೇಂದ್ರಗಳು, ಜುಲೈಯಲ್ಲೇ ತನ್ನ ಪಾಲನ್ನು ಮುಗಿಸಿದ್ದ ಎಲ್‌ವಿಎಂ-3 ರಾಕೆಟ್ಟಿನ ಜನ, ಕ್ರೇನು ಹೆಲಿಕಾಪ್ಟರುಗಳನ್ನು ನಡೆಸಿದವರು ಎಲ್ಲರೂ ಈ ಕೆಲಸದ ಭಾಗವೇ. ಅವರಲ್ಲಿ ಕೆಲವರ ಕೆಲಸವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆಯವರು ಸ್ಮರಿಸಿದರು.

ಮರುವರ್ಷ ಆಗಸ್ಟ್ 22ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಮೊದಲ ಸಲದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳನ್ನು ಪ್ರದಾನ ಮಾಡಿದರು. ಅದರಲ್ಲಿ ತಂಡಕ್ಕೆಂದೇ ಮೀಸಲಾದ ವಿಜ್ಞಾನ ತಂಡ ಪುರಸ್ಕಾರ ಚಂದ್ರಯಾನ-3ರ ಪಾಲಾಯಿತು. ತಂಡದ ಪರವಾಗಿ ಅದನ್ನು ಸ್ವೀಕರಿಸಿದವರು ವೀರಮುತ್ತುವೇಲ್.